561 ಹೇಳುವ ಸುಳ್ಳು: ಫರ್ಮಾ ಪರೀಕ್ಷೆ ಎಲ್ಲಿ ಎಡವುತ್ತದೆ

(ಗಣಿತದಲ್ಲಿ ಆಸಕ್ತಿಯಿರುವ ಸಾಮಾನ್ಯ ಓದುಗರ ಮುಂದೆ ಆಡಿದ ಮಾತುಗಳ ಬರಹ ರೂಪ. ಬೋರ್ಡಿನ ಮೇಲೆ ಬರೆದ ಲೆಕ್ಕಗಳನ್ನು ಇಲ್ಲಿ ಮಾತಿನ ಜೊತೆಗೇ ಸೇರಿಸಿದ್ದೇನೆ.)

91 ಅವಿಭಾಜ್ಯ ಸಂಖ್ಯೆಯೋ ಅಲ್ಲವೋ? ಹೀಗೆ ದಿಢೀರಂತ ಕೇಳಿದರೆ ತುಂಬಾ ಜನ "ಹೌದು" ಅಂದುಬಿಡುತ್ತಾರೆ. 2ರಿಂದ ಹೋಗಲ್ಲ, 3ರಿಂದ ಹೋಗಲ್ಲ, 5ರಿಂದ ಹೋಗಲ್ಲ. ಮುಖ ನೋಡಿದರೆ ಅವಿಭಾಜ್ಯದ ಹಾಗೇ ಇದೆ. ಆದರೆ 7 × 13 ಎಷ್ಟು? 91.

ಸಣ್ಣ ಸಂಖ್ಯೆಯಾದರೆ ಹೀಗೆ ಒಂದೊಂದಾಗಿ ಭಾಗಿಸಿ ನೋಡಬಹುದು. 300 ಅಂಕಿಯ ಸಂಖ್ಯೆ ಕೊಟ್ಟರೆ? ಅದರ ವರ್ಗಮೂಲವೇ 150 ಅಂಕಿಯದು. ಅಲ್ಲಿಯವರೆಗೆ ಭಾಗಿಸುತ್ತಾ ಕೂರುವುದು ಯಾವ ಕಂಪ್ಯೂಟರಿನ ಕೈಲೂ ಆಗದ ಕೆಲಸ. ಆದರೂ ಇಷ್ಟು ದೊಡ್ಡ ಅವಿಭಾಜ್ಯಗಳನ್ನು ಕಂಪ್ಯೂಟರ್‌ಗಳು ದಿನಾ ಹುಡುಕುತ್ತವೆ. ಆರ್‌ಎಸ್‌ಎ ಗೂಢಲಿಪಿಯ ಕೀಲಿ ತಯಾರಿಸಲು ಅಂಥವು ಎರಡು ಬೇಕು. ಅಪವರ್ತನ ಹುಡುಕದೆಯೇ ಒಂದು ಸಂಖ್ಯೆ ಅವಿಭಾಜ್ಯವೋ ಅಲ್ಲವೋ ಅಂತ ಹೇಳುವ ದಾರಿ ಇದೆ. ಆ ದಾರಿ ಶುರುವಾಗುವುದು 1640ರ ಅಕ್ಟೋಬರ್‌ನ ಒಂದು ಪತ್ರದಲ್ಲಿ.

ಪತ್ರ ಬರೆದವನು ಪಿಯರ್ ದ ಫರ್ಮಾ. ಫ್ರಾನ್ಸಿನ ಟುಲೂಸ್ ಊರಿನಲ್ಲಿ ನ್ಯಾಯಾಲಯದ ಕೆಲಸ. ಗಣಿತ ಅವನಿಗೆ ಬಿಡುವಿನ ಹವ್ಯಾಸ. ಗೆಳೆಯ ಫ್ರೆನಿಕ್ಲ್‌ಗೆ ಅವನು ಬರೆದ ಮಾತನ್ನು ಇವತ್ತಿನ ರೂಪದಲ್ಲಿ ಹೀಗೆ ಹೇಳಬಹುದು. p ಒಂದು ಅವಿಭಾಜ್ಯ ಸಂಖ್ಯೆ, a ಅನ್ನುವುದು p ಇಂದ ಭಾಗವಾಗದ ಯಾವುದೋ ಸಂಖ್ಯೆ. a ಅನ್ನು p−1 ಸಲ ಗುಣಿಸಿ, ಬಂದದ್ದನ್ನು p ಇಂದ ಭಾಗಿಸಿ. ಶೇಷ ಯಾವಾಗಲೂ 1. ಸಾಧನೆಯನ್ನೂ ಕಳಿಸುತ್ತಿದ್ದೆ, ತುಂಬಾ ಉದ್ದವಾಗುತ್ತದಲ್ಲ ಅಂತ ಫರ್ಮಾ ಜಾರಿಕೊಂಡಿದ್ದಾನೆ. ಅದು ಅವನ ಹಳೇ ಚಾಳಿ.

ನಿಜಕ್ಕೂ ಸಾಧನೆ ಅಷ್ಟೇನೂ ಉದ್ದವಿಲ್ಲ. p = 7, a = 3 ಇಟ್ಟುಕೊಂಡು ನೋಡೋಣ. 1, 2, 3, 4, 5, 6 ಈ ಆರನ್ನೂ 3ರಿಂದ ಗುಣಿಸಿ, 7ರಿಂದ ಭಾಗಿಸಿ ಶೇಷ ಬರೆಯಿರಿ. 3, 6, 2, 5, 1, 4 ಬರುತ್ತದೆ. ಅದೇ ಆರು ಸಂಖ್ಯೆಗಳು, ಸಾಲು ಮಾತ್ರ ಬದಲು. ಯಾಕೆ? ಎರಡು ಕಡೆ ಒಂದೇ ಶೇಷ ಬಂದಿದ್ದರೆ ಆ ಎರಡರ ವ್ಯತ್ಯಾಸದ ಮೂರು ಪಟ್ಟು 7ರಿಂದ ಭಾಗವಾಗಬೇಕಿತ್ತು. 7 ಅವಿಭಾಜ್ಯವಾದ್ದರಿಂದ ಅದು ಸಾಧ್ಯವಿಲ್ಲ. ಈಗ ಆರನ್ನೂ ಒಟ್ಟಿಗೆ ಗುಣಿಸಿ. ಒಂದು ಕಡೆ 3⁶ × (1×2×3×4×5×6), ಇನ್ನೊಂದು ಕಡೆ ಬರೀ 1×2×3×4×5×6. ಎರಡಕ್ಕೂ ಶೇಷ ಒಂದೇ. ಎರಡೂ ಕಡೆ ಇರುವುದನ್ನು ಹೊಡೆದುಹಾಕಿದರೆ 3⁶ಕ್ಕೆ ಉಳಿಯುವ ಶೇಷ 1. ಬೇಕಿದ್ದರೆ ತಾಳೆ ನೋಡಿ: 729 = 7 × 104 + 1. 7ರ ಜಾಗದಲ್ಲಿ ಯಾವ ಅವಿಭಾಜ್ಯ ಇಟ್ಟರೂ ಇದೇ ವಾದ ನಡೆಯುತ್ತದೆ.

ಈಗ ಇದನ್ನು ತಿರುಗಿಸಿ ಹಿಡಿಯೋಣ. n ಅವಿಭಾಜ್ಯವಾಗಿದ್ದರೆ ಶೇಷ 1 ಬರಲೇಬೇಕು. ಬರಲಿಲ್ಲ ಅಂದರೆ n ಖಂಡಿತ ಅವಿಭಾಜ್ಯವಲ್ಲ. ಇದೇ ಫರ್ಮಾ ಪರೀಕ್ಷೆ.

91ಕ್ಕೇ ಪರೀಕ್ಷೆ ಹಾಕೋಣ. a ಜಾಗದಲ್ಲಿ ಇಡುವ ಸಂಖ್ಯೆಗೆ ಆಧಾರ ಅನ್ನೋಣ, ಇಲ್ಲಿ ಆಧಾರ 2. ಬೇಕಾದದ್ದು 2⁹⁰. ತೊಂಬತ್ತು ಸಲ ಗುಣಿಸುವುದು ಬೇಡ. ವರ್ಗ ಮಾಡುತ್ತಾ ಹೋಗಿ, ಪ್ರತಿ ಸಲ 91ರಿಂದ ಭಾಗಿಸಿ ಶೇಷ ಮಾತ್ರ ಇಟ್ಟುಕೊಳ್ಳಿ. 2²ಕ್ಕೆ 4. 2⁴ಕ್ಕೆ 16. 2⁸ ಅಂದರೆ 256, ಅದಕ್ಕೆ ಶೇಷ 74. 74ರ ವರ್ಗ 5476, ಶೇಷ 16, ಇದು 2¹⁶. ಮತ್ತೆ ವರ್ಗ ಮಾಡಿದರೆ 2³²ಕ್ಕೆ 74, 2⁶⁴ಕ್ಕೆ 16. ಈಗ 90 = 64 + 16 + 8 + 2. ಹಾಗಾಗಿ 16, 16, 74, 4 ಈ ನಾಲ್ಕನ್ನು ಗುಣಿಸಿದರೆ ಸಾಕು. 16 × 16ಕ್ಕೆ ಶೇಷ 74. 74 × 74ಕ್ಕೆ 16. 16 × 4 ಅಂದರೆ 64. ಬರಬೇಕಾಗಿದ್ದು 1, ಬಂದದ್ದು 64. ಕೇಸ್ ಮುಗೀತು, 91 ಅವಿಭಾಜ್ಯವಲ್ಲ.

ಇಲ್ಲಿ ಎರಡು ವಿಷಯ ಗಮನಿಸಿ. ಆರು ವರ್ಗ, ಮೂರು ಗುಣಾಕಾರದಲ್ಲಿ ಕೆಲಸ ಮುಗಿದಿದೆ. 300 ಅಂಕಿಯ ಸಂಖ್ಯೆಗಾದರೂ ಹೆಚ್ಚೂಕಡಿಮೆ ಸಾವಿರ ವರ್ಗ, ಅದಕ್ಕಿಂತ ಕಡಿಮೆ ಗುಣಾಕಾರ. ಕಂಪ್ಯೂಟರಿಗೆ ಅದು ಕಣ್ಣು ಮಿಟುಕಿಸುವಷ್ಟರ ಕೆಲಸ. ಎರಡನೆಯದು, ಈ 64ರಲ್ಲಿ 7 ಮತ್ತು 13 ನೇರವಾಗಿ ಕಾಣುವುದಿಲ್ಲ. ಒಡೆಯುತ್ತದೆ ಅಂತ ಗೊತ್ತಾಯಿತು, ಎಲ್ಲಿ ಒಡೆಯುತ್ತದೆ ಅಂತ ಗೊತ್ತಾಗಲಿಲ್ಲ.

ಸರಿ, ಆಧಾರ 2ರ ಬದಲು 3 ಇಟ್ಟಿದ್ದರೆ? 3⁶ = 729 = 91 × 8 + 1. ಅಂದರೆ 3⁶ಕ್ಕೇ ಶೇಷ 1. 90 ಅನ್ನುವುದು 6ರ ಹದಿನೈದು ಪಟ್ಟು. ಹಾಗಾಗಿ 3⁹⁰ಕ್ಕೂ ಶೇಷ 1. 91 ಪರೀಕ್ಷೆ ಪಾಸಾಯಿತು!

ಅಂದರೆ ಶೇಷ 1 ಬಂದಾಕ್ಷಣ ಅವಿಭಾಜ್ಯ ಅನ್ನುವ ಹಾಗಿಲ್ಲ. ಬರದಿದ್ದರೆ ಖಚಿತ, ಬಂದರೆ ಬರೀ ಅನುಮಾನ ತೀರಿಲ್ಲ ಅಂತ. 2ನ್ನೇ ಆಧಾರವಾಗಿಟ್ಟರೂ ಮೋಸ ಮಾಡುವ ಸಂಖ್ಯೆಗಳಿವೆ. ಅವುಗಳಲ್ಲಿ ಮೊದಲನೆಯದು 341, ಅಂದರೆ 11 × 31. 2¹⁰ = 1024 = 341 × 3 + 1. 340 ಅನ್ನುವುದು 10ರ ಪಟ್ಟು. ಮಿಕ್ಕದ್ದನ್ನು ನೀವೇ ಹೇಳಬಹುದು. 341ರ ಈ ಗುಟ್ಟು 1819ರಲ್ಲಿ ಬಯಲಾಯಿತು. ಇಂಥ ಸಂಖ್ಯೆಗಳನ್ನು ಆ ಆಧಾರಕ್ಕೆ ಹುಸಿ ಅವಿಭಾಜ್ಯ ಅನ್ನೋಣ. 341 ಅನ್ನು ಆಧಾರ 3ರಿಂದ ಪರೀಕ್ಷಿಸಿದರೆ ಶೇಷ 56 ಬಂದು ಸಿಕ್ಕಿಬೀಳುತ್ತದೆ.

ಆಧಾರಗಳನ್ನು ಕೋರ್ಟಿನ ಸಾಕ್ಷಿಗಳು ಅಂದುಕೊಳ್ಳಿ. 91ರ ವಿಚಾರಣೆಯಲ್ಲಿ 2 ನಿಜ ಹೇಳಿತು, 3 ಸುಳ್ಳುಸಾಕ್ಷಿ ನುಡಿಯಿತು. ಹಾಗಾದರೆ ಸುಳ್ಳುಸಾಕ್ಷಿಗಳು ಎಷ್ಟಿರಬಹುದು? ಇಲ್ಲೊಂದು ಚೆಂದದ ವಾದವಿದೆ. n ಜೊತೆ ಸಾಮಾನ್ಯ ಅಪವರ್ತನ ಇಲ್ಲದ ಆಧಾರಗಳನ್ನು ಮಾತ್ರ ನೋಡೋಣ. ಅವುಗಳಲ್ಲಿ b ಅನ್ನುವ ಒಂದೇ ಒಂದು ಸತ್ಯವಂತ ಇದೆ ಅನ್ನಿ. ಯಾವುದೇ ಸುಳ್ಳುಗಾರ a ತಗೊಂಡು b ಜೊತೆ ಗುಣಿಸಿ. ಘಾತಕ್ಕೇರಿಸಿದಾಗ a ಕಡೆಯಿಂದ 1 ಬರುತ್ತದೆ, b ಕಡೆಯಿಂದ 1 ಬರುವುದಿಲ್ಲ. ಗುಣಲಬ್ಧವೂ 1 ಆಗುವುದಿಲ್ಲ. ಅಂದರೆ ab ಸತ್ಯ ಹೇಳುತ್ತದೆ. ಬೇರೆ ಬೇರೆ a ಇಟ್ಟರೆ ಬೇರೆ ಬೇರೆ ab. ಹೀಗೆ ಪ್ರತಿ ಸುಳ್ಳುಗಾರನಿಗೂ ಒಬ್ಬೊಬ್ಬ ಸತ್ಯವಂತ ಜೋಡಿಯಾಗುತ್ತಾನೆ. ಸುಳ್ಳುಗಾರರು ಅರ್ಧಕ್ಕಿಂತ ಜಾಸ್ತಿ ಇರಲು ಸಾಧ್ಯವೇ ಇಲ್ಲ. 91ಕ್ಕೆ ಎಣಿಸಿದರೆ ಸರಿಯಾಗಿ ಅರ್ಧ: ಇಂಥ 72 ಆಧಾರಗಳಲ್ಲಿ 36 ಸುಳ್ಳು ಹೇಳುತ್ತವೆ.

ಇದು ಒಳ್ಳೆಯ ಸುದ್ದಿ, ಅಲ್ವಾ? ಕಣ್ಣುಮುಚ್ಚಿ ಇಪ್ಪತ್ತು ಆಧಾರ ಆರಿಸಿ ಕೇಳಿದರೆ ಇಪ್ಪತ್ತೂ ಸುಳ್ಳುಗಾರರೇ ಸಿಗುವುದು ಹತ್ತು ಲಕ್ಷದಲ್ಲಿ ಒಂದು ಸಲ. ಆದರೆ ವಾದದ ನಡುವೆ ಒಂದು "ಇದೆ ಅನ್ನಿ" ಇತ್ತು. ಒಬ್ಬ ಸತ್ಯವಂತನೂ ಇಲ್ಲದಿದ್ದರೆ?

561 ತಗೊಳ್ಳಿ. 3 × 11 × 17. ಪರೀಕ್ಷೆಯಲ್ಲಿ ಬರುವ ಘಾತ 560. ಈಗ ಮೂರೂ ಅವಿಭಾಜ್ಯಗಳ ಕಣ್ಣಿನಿಂದ ನೋಡಿ. 3ಕ್ಕೆ ಫರ್ಮಾ ಹೇಳುವುದು a²ಕ್ಕೆ ಶೇಷ 1 ಅಂತ. 560 ಅನ್ನುವುದು 2ರ ಪಟ್ಟು, ಹಾಗಾಗಿ a⁵⁶⁰ಕ್ಕೂ 1. 11ಕ್ಕೆ a¹⁰ಕ್ಕೆ ಶೇಷ 1. 560 ಅನ್ನುವುದು 10ರ ಪಟ್ಟು. 17ಕ್ಕೆ a¹⁶ಕ್ಕೆ ಶೇಷ 1. 16 × 35 = 560, ಅದೂ ಸರಿಹೋಯಿತು. a⁵⁶⁰ − 1 ಅನ್ನುವುದು 3ರಿಂದಲೂ 11ರಿಂದಲೂ 17ರಿಂದಲೂ ಭಾಗವಾಗುತ್ತದೆ, ಆದ್ದರಿಂದ 561ರಿಂದಲೂ. a ಯಾವುದಾದರೂ ಸರಿ, 561 ಜೊತೆ ಸಾಮಾನ್ಯ ಅಪವರ್ತನ ಇಲ್ಲದಿದ್ದರೆ ಸಾಕು. ಅಂಥ 320 ಆಧಾರಗಳಿವೆ. ಮುನ್ನೂರ ಇಪ್ಪತ್ತೂ ಸುಳ್ಳುಸಾಕ್ಷಿಗಳೇ.

ಈ ಲೆಕ್ಕದಲ್ಲೇ ಸೂತ್ರವೂ ಇದೆ. n ಒಳಗಿನ ಅವಿಭಾಜ್ಯಗಳು ಒಂದೊಂದು ಸಲ ಮಾತ್ರ ಬರಬೇಕು, ಪ್ರತಿ p ಗೂ p−1 ಅನ್ನುವುದು n−1ನ್ನು ಭಾಗಿಸಬೇಕು. ಜರ್ಮನಿಯ ಕಾರ್ಸೆಲ್ಟ್ ಇದನ್ನು 1899ರಲ್ಲೇ ಬರೆದಿದ್ದ. ಆದರೆ ಅವನು ಒಂದೂ ಉದಾಹರಣೆ ಕೊಡಲಿಲ್ಲ. ಅಮೆರಿಕದ ಕಾರ್ಮೈಕಲ್ 1910ರಲ್ಲಿ 561 ಹಿಡಿದು ತೋರಿಸಿದ, ಇಂಥವಕ್ಕೆ ಕಾರ್ಮೈಕಲ್ ಸಂಖ್ಯೆ ಅಂತ ಅವನ ಹೆಸರೇ ಬಂತು. ತಮಾಷೆ ಅಂದರೆ ಇವರಿಬ್ಬರಿಗಿಂತ ಮುಂಚೆ, 1885ರಲ್ಲಿ, ಬೊಹೀಮಿಯಾದ ಶಿಮರ್ಕಾ ಅನ್ನುವ ಪಾದ್ರಿ 561ರಿಂದ 8911ರವರೆಗೆ ಮೊದಲ ಏಳು ಸಂಖ್ಯೆಗಳನ್ನೂ ಅಚ್ಚು ಹಾಕಿಸಿದ್ದ. ಯಾರೂ ಓದಲಿಲ್ಲ.

ಆ ಏಳರಲ್ಲಿ ಮೂರನೆಯದು ನಿಮಗೆ ಗೊತ್ತಿರುವ ಸಂಖ್ಯೆ: 1729. ಹಾರ್ಡಿ ಹತ್ತಿ ಬಂದ ಟ್ಯಾಕ್ಸಿಯ ನಂಬರು, ಆಸ್ಪತ್ರೆಯಲ್ಲಿ ಮಲಗಿದ್ದ ರಾಮಾನುಜನ್ ಎರಡು ಘನಗಳ ಮೊತ್ತವಾಗಿ ಎರಡು ಬಗೆಯಲ್ಲಿ ಬರೆಯಬಹುದು ಅಂದದ್ದು. ಅದು ಫರ್ಮಾ ಪರೀಕ್ಷೆಗೂ ಮಣ್ಣೆರಚುತ್ತದೆ. 1729 = 7 × 13 × 19. 1728 ಅನ್ನುವುದು 6, 12, 18 ಮೂರರಿಂದಲೂ ಭಾಗವಾಗುತ್ತದೆ. ಈ 6, 12, 18ರಲ್ಲಿ ಒಂದು ಅಚ್ಚು ಕಾಣುತ್ತಿದೆಯಲ್ಲ? 6k+1, 12k+1, 18k+1 ಮೂರೂ ಅವಿಭಾಜ್ಯವಾದರೆ ಅವುಗಳ ಗುಣಲಬ್ಧ ಕಾರ್ಮೈಕಲ್ ಸಂಖ್ಯೆ ಅಂತ ಚೆರ್ನಿಕ್ 1939ರಲ್ಲಿ ತೋರಿಸಿದ. k = 6 ಹಾಕಿದರೆ 37 × 73 × 109 = 294409.

ಇಲ್ಲಿ ಒಂದು ಆಕ್ಷೇಪ ಬರಬಹುದು. 561ರಲ್ಲಿ 320 ಬಿಟ್ಟು ಮಿಕ್ಕ 240 ಆಧಾರಗಳು ಹಿಡಿದುಕೊಡುತ್ತವಲ್ಲ? ಹೌದು, 3ರ ಪಟ್ಟೋ 11ರ ಪಟ್ಟೋ 17ರ ಪಟ್ಟೋ ಆದ ಆಧಾರಕ್ಕೆ ಶೇಷ 1 ಬರುವುದಿಲ್ಲ. ಆದರೆ ಅಂಥ ಆಧಾರ ಸಿಕ್ಕಿತು ಅಂದರೆ ಅಪವರ್ತನವೇ ಕೈಗೆ ಸಿಕ್ಕ ಹಾಗೆ, ಪರೀಕ್ಷೆ ಯಾಕೆ ಬೇಕು? 294409ಕ್ಕೆ ಬರುವ ಹೊತ್ತಿಗೆ ನೂರರಲ್ಲಿ 95 ಆಧಾರಗಳು ಸುಳ್ಳು ಹೇಳುತ್ತವೆ. ಮೂರು ಅವಿಭಾಜ್ಯಗಳೂ ನೂರು ಅಂಕಿಯವಾದರೆ ಸತ್ಯ ಹೇಳುವ ಆಧಾರ ಹುಡುಕುವುದು ಹುಲ್ಲಿನ ಬಣವೆಯಲ್ಲಿ ಸೂಜಿ ಹುಡುಕಿದಂತೆ.

ಇಂಥ ಸಂಖ್ಯೆಗಳು ಬೇಗ ಮುಗಿದುಹೋಗುತ್ತವೆ, ಪಟ್ಟಿ ಮಾಡಿ ಗೋಡೆಗೆ ಅಂಟಿಸಿದರಾಯಿತು ಅನ್ನುವ ಆಸೆಯೂ ಇಲ್ಲ. ಅವು ಅನಂತ ಇವೆ ಅಂತ ಆಲ್ಫರ್ಡ್, ಗ್ರಾನ್‌ವಿಲ್, ಪಾಮರೆನ್ಸ್ ಮೂವರ ಸಾಧನೆ 1994ರಲ್ಲಿ ಪ್ರಕಟವಾಯಿತು. ಹಾಗಂತ ಗಾಬರಿ ಬೇಡ, ಅವು ವಿರಳ. 2500 ಕೋಟಿಯೊಳಗೆ ಅವಿಭಾಜ್ಯಗಳು 109 ಕೋಟಿಗೂ ಹೆಚ್ಚು. ಆಧಾರ 2ಕ್ಕೆ ಮೋಸ ಮಾಡುವ ಹುಸಿಗಳು ಬರೀ 21,853. ಕಾರ್ಮೈಕಲ್ ಸಂಖ್ಯೆಗಳು 2,163. ಸುಮ್ನೆ ಒಂದು ಸಂಖ್ಯೆ ಆರಿಸಿಕೊಂಡರೆ ಮೋಸ ಹೋಗುವ ಭಯ ಕಡಿಮೆ. ಬೇರೆ ಯಾರೋ ಬೇಕಂತಲೇ ಆರಿಸಿ ಕಳಿಸಿದ ಸಂಖ್ಯೆಯಾದರೆ ಮಾತು ಬೇರೆ.

ಹಾಗಾದರೆ 561 ಹಿಡಿಯುವುದು ಹೇಗೆ? ಫರ್ಮಾ ಪರೀಕ್ಷೆಯಲ್ಲಿ ನಾವು ಕೊನೆಯ ಉತ್ತರ ಮಾತ್ರ ನೋಡುತ್ತಿದ್ದೆವು. ದಾರಿ ನೋಡಲಿಲ್ಲ. ಈಗ ದಾರಿ ನೋಡೋಣ.

ಮೊದಲು ಒಂದು ಸಣ್ಣ ಸಂಗತಿ. p ಅವಿಭಾಜ್ಯ, x² ಅನ್ನು p ಇಂದ ಭಾಗಿಸಿದರೆ ಶೇಷ 1 ಅನ್ನಿ. ಅಂದರೆ x² − 1, ಅಂದರೆ (x−1)(x+1), p ಇಂದ ಭಾಗವಾಗುತ್ತದೆ. p ಒಡೆಯುವುದಿಲ್ಲವಾದ್ದರಿಂದ ಎರಡರಲ್ಲಿ ಒಂದನ್ನು ಪೂರ್ತಿ ಭಾಗಿಸಲೇಬೇಕು. ಹಾಗಾಗಿ x ನ ಶೇಷ ಒಂದೋ 1, ಇಲ್ಲವೇ p−1. ಮೂರನೆಯದಕ್ಕೆ ಜಾಗವಿಲ್ಲ.

ಈಗ 560 = 35 × 16. ಮೊದಲು 2³⁵ ಕಂಡುಹಿಡಿದು, ಆಮೇಲೆ ನಾಲ್ಕು ಸಲ ವರ್ಗ ಮಾಡಿದರೆ 2⁵⁶⁰ ಬರುತ್ತದೆ. ಪೈಥಾನ್‌ನಲ್ಲಿ ಹೀಗೆ:

```python
n = 561
x = pow(2, 35, n)
for i in range(5):
    print(x)
    x = x * x % n
```

ಅದು ಮುದ್ರಿಸುವ ಐದು ಸಂಖ್ಯೆಗಳು: 263, 166, 67, 1, 1. ಕೊನೆಯ 1 ಮಾತ್ರ ನೋಡಿದರೆ ಪಾಸ್. ಆದರೆ ಮೊದಲ 1ರ ಹಿಂದೆ ಏನಿದೆ? 67. ಅದರ ವರ್ಗ 4489, ಅಂದರೆ 561 × 8 + 1. 67 ಅನ್ನುವುದು 1 ಅಲ್ಲ, 560 ಕೂಡ ಅಲ್ಲ. ಅವಿಭಾಜ್ಯದ ಮನೆಯಲ್ಲಿ ಇರಬಾರದ ಸಂಖ್ಯೆ. ಸಿಕ್ಕಿಬಿತ್ತು. ಅಷ್ಟೇ ಅಲ್ಲ, 66 × 68 ಅನ್ನುವುದು 561ರಿಂದ ಭಾಗವಾಗುತ್ತದೆ, ಆದರೆ ಎರಡರಲ್ಲಿ ಯಾವುದೊಂದೂ ಬಿಡಿಯಾಗಿ ಆಗುವುದಿಲ್ಲ. ಅಂದರೆ 561 ಎರಡರ ನಡುವೆ ಹಂಚಿಹೋಗಿದೆ. 66 ಮತ್ತು 561ರ ಮಹತ್ತಮ ಸಾಮಾನ್ಯ ಅಪವರ್ತನ 33. 68 ಮತ್ತು 561ರದ್ದು 17. 33 × 17 = 561. ಅಪವರ್ತನವೇ ಕೈಗೆ ಬಂತು!

ಒಳಗೆ ಏನು ನಡೆಯಿತು ಅಂತ ಇಣುಕಿದರೆ ಇನ್ನೂ ಚೆನ್ನಾಗಿದೆ. 263, 166, 67, 1 ಇವನ್ನೇ ಮೂರು ಅವಿಭಾಜ್ಯಗಳಿಂದ ಬೇರೆ ಬೇರೆಯಾಗಿ ಭಾಗಿಸಿ ನೋಡಿ. 3ರಿಂದ ಭಾಗಿಸಿದರೆ 2, 1, 1, 1. 11ರಿಂದ 10, 1, 1, 1. 17ರಿಂದ 8, 13, 16, 1. 3 ಮತ್ತು 11 ಎರಡನೇ ಹೆಜ್ಜೆಗೇ 1 ಮುಟ್ಟಿವೆ. 17 ಮಾತ್ರ ಹಿಂದೆ ಬಿದ್ದು ನಾಲ್ಕನೇ ಹೆಜ್ಜೆಗೆ ಮುಟ್ಟಿದೆ. ಕೊನೆಗೆ ಎಲ್ಲರೂ ಊರು ಸೇರುತ್ತಾರೆ, ಆದರೆ ಒಟ್ಟಿಗೆ ಸೇರುವುದಿಲ್ಲ. ಈ ಹೊಂದಾಣಿಕೆ ತಪ್ಪಿದ್ದನ್ನೇ 67 ನಮಗೆ ತೋರಿಸಿದ್ದು.

ಹೀಗೆ ದಾರಿ ನೋಡುವ ಪರೀಕ್ಷೆಗೆ ಮಿಲರ್-ರಾಬಿನ್ ಪರೀಕ್ಷೆ ಅನ್ನುತ್ತಾರೆ. ಗ್ಯಾರಿ ಮಿಲರ್ ಅವರ ಲೇಖನ 1976ರದ್ದು, ಮೈಕೆಲ್ ರಾಬಿನ್ ಅವರದ್ದು 1980ರದ್ದು. ನಿಯಮ ಇಷ್ಟೇ: ಸಾಲಿನ ಮೊದಲ ಸಂಖ್ಯೆಯೇ 1 ಆಗಿರಬೇಕು, ಇಲ್ಲವೇ ಕೊನೆಯದಕ್ಕಿಂತ ಮುಂಚೆ ಎಲ್ಲಾದರೂ n−1 ಕಾಣಬೇಕು. ಎರಡೂ ಇಲ್ಲ ಅಂದರೆ n ಸಂಯುಕ್ತ ಸಂಖ್ಯೆ.

ಇದಕ್ಕೂ ಮೋಸವಾಗುತ್ತದೆಯೇ? ಒಂದೇ ಆಧಾರ ನಂಬಿದರೆ ಆಗುತ್ತದೆ. 2047 = 23 × 89 ನೋಡಿ. 2¹¹ = 2048, ಶೇಷ 1. 2046ರ ಅರ್ಧ 1023, ಅದು 11ರ ಪಟ್ಟು. ಹಾಗಾಗಿ ಸಾಲಿನ ಮೊದಲ ಸಂಖ್ಯೆಯೇ 1. ಇಲ್ಲಿ 23 ಮತ್ತು 89 ಎರಡೂ ಮೊದಲ ಹೆಜ್ಜೆಗೇ ಒಟ್ಟಿಗೆ ತಲುಪಿಬಿಟ್ಟಿವೆ. ಹೊಂದಾಣಿಕೆ ತಪ್ಪಲಿಲ್ಲ, ಹಾಗಾಗಿ ನಮಗೆ ಕಾಣಲೂ ಇಲ್ಲ. ಆಧಾರ 3 ಇಟ್ಟರೆ 2047 ತಪ್ಪಿಸಿಕೊಳ್ಳುವುದಿಲ್ಲ. 2, 3, 5, 7 ನಾಲ್ಕನ್ನೂ ಇಟ್ಟರೆ 2500 ಕೋಟಿಯೊಳಗೆ ತಪ್ಪಿಸಿಕೊಳ್ಳುವ ಸಂಯುಕ್ತ ಸಂಖ್ಯೆ ಒಂದೇ ಒಂದು: 3215031751.

ಎಲ್ಲಾ ಆಧಾರಗಳಿಗೂ ಒಟ್ಟಿಗೆ ಹೊಂದಿಕೊಂಡು ನಡೆಯುವುದು ಮಾತ್ರ ಯಾವ ಸಂಯುಕ್ತ ಸಂಖ್ಯೆಗೂ ಆಗದು. ಇಲ್ಲಿ ಕಾರ್ಮೈಕಲ್‌ಗಳಂಥ ಅಪವಾದವೇ ಇಲ್ಲ. 9ಕ್ಕಿಂತ ದೊಡ್ಡ ಯಾವ ಬೆಸ ಸಂಯುಕ್ತ ಸಂಖ್ಯೆಗೂ ಸುಳ್ಳುಸಾಕ್ಷಿಗಳು ಕಾಲು ಭಾಗಕ್ಕಿಂತ ಜಾಸ್ತಿ ಇರುವುದಿಲ್ಲ ಅಂತ ರಾಬಿನ್ ತೋರಿಸಿದರು. ಇಪ್ಪತ್ತು ಆಧಾರ ಲಾಟರಿ ಎತ್ತಿದ ಹಾಗೆ ಆರಿಸಿ ಕೇಳಿದರೆ, ಸಂಯುಕ್ತ ಸಂಖ್ಯೆಯೊಂದು ಪಾಸಾಗುವ ಸಾಧ್ಯತೆ ಒಂದು ಲಕ್ಷ ಕೋಟಿಗೆ ಒಂದಕ್ಕಿಂತ ಕಡಿಮೆ.

"ಲಾಟರಿ ಎತ್ತಿದ ಹಾಗೆ" ಅನ್ನುವುದು ಇಲ್ಲಿ ಮುಖ್ಯ. ಆಧಾರಗಳು ಇಂಥವೇ ಅಂತ ಮೊದಲೇ ಗೊತ್ತಿದ್ದರೆ ಅವಕ್ಕೆ ತಕ್ಕ ಹಾಗೆ ಸಂಖ್ಯೆ ಹೊಲಿಯಬಹುದು. ಫ್ರಾನ್ಸಿನ ಆರ್ನೋ 1995ರಲ್ಲಿ 397 ಅಂಕಿಯ ಒಂದು ಕಾರ್ಮೈಕಲ್ ಸಂಖ್ಯೆ ಕಟ್ಟಿ ತೋರಿಸಿದರು. 307ಕ್ಕಿಂತ ಕೆಳಗಿನ ಯಾವ ಅವಿಭಾಜ್ಯವನ್ನು ಆಧಾರ ಮಾಡಿಕೊಂಡರೂ ಅದು ಪಾಸಾಗುತ್ತದೆ. ಇಂದಿಗೂ ಯಾರಾದರೂ ಆಧಾರಗಳ ಪಟ್ಟಿಯನ್ನು ಕೋಡಿನಲ್ಲೇ ಬರೆದಿಟ್ಟಿದ್ದರೆ, ಆ ಕೋಡಿಗೆ ಹೊರಗಿನವರ ಸಂಖ್ಯೆ ಬರುತ್ತದೆಯೇ ಅಂತ ನಾನು ಮೊದಲು ಕೇಳುತ್ತೇನೆ. 64 ಬಿಟ್‌ಗೆ ಸೀಮಿತವಾದ ಸಂಖ್ಯೆಗಳಾದರೆ ಚಿಂತೆಯಿಲ್ಲ. ಅಲ್ಲಿ 2ರಿಂದ 37ರವರೆಗಿನ ಹನ್ನೆರಡು ಅವಿಭಾಜ್ಯಗಳು ಸಾಕು ಅಂತ ಪೂರ್ತಿ ತಾಳೆ ನೋಡಿಯಾಗಿದೆ.

ಕೊನೆಯಲ್ಲಿ ಒಬ್ಬರು ಕೇಳಿದರು: ಈ ಸಾಧ್ಯತೆ, ಲಾಟರಿ ಎಲ್ಲ ಬಿಟ್ಟು ಖಡಾಖಂಡಿತವಾಗಿ ಹೇಳುವ ವೇಗದ ಪರೀಕ್ಷೆ ಇಲ್ಲವೇ ಅಂತ. ಇದೆ, ಅದು ಬಂದದ್ದು ನಮ್ಮ ದೇಶದಿಂದಲೇ. 2002ರಲ್ಲಿ ಕಾನ್ಪುರದ ಐಐಟಿಯ ಮಣೀಂದ್ರ ಅಗ್ರವಾಲ್ ಮತ್ತು ಅವರ ವಿದ್ಯಾರ್ಥಿಗಳಾದ ನೀರಜ್ ಕಯಾಲ್, ನಿತಿನ್ ಸಕ್ಸೇನಾ ಕೊಟ್ಟದ್ದು. ಅದರ ಬೇರು ಕೂಡ ಫರ್ಮಾನ ಪ್ರಮೇಯವೇ, ಆದರೆ ಸಂಖ್ಯೆಯ ಬದಲು ಬಹುಪದ ಇಟ್ಟು. (x + 1)ⁿ ವಿಸ್ತರಿಸಿ ಬರೆಯಿರಿ. n ಅವಿಭಾಜ್ಯವಾದರೆ ಎರಡು ತುದಿ ಬಿಟ್ಟು ನಡುವಿನ ಎಲ್ಲಾ ಗುಣಕಗಳೂ n ಇಂದ ಭಾಗವಾಗುತ್ತವೆ. ಸಂಯುಕ್ತವಾದರೆ ಒಂದಾದರೂ ತಪ್ಪುತ್ತದೆ. 561ನ್ನೇ ನೋಡಿ: x³ನ ಗುಣಕ 561 × 560 × 559 / 6. ಇಲ್ಲಿ ಛೇದದ ಒಂದು 3, ಮೇಲಿನ 561ರ 3ನ್ನೇ ತಿಂದುಹಾಕುತ್ತದೆ. 560ರಲ್ಲಾಗಲಿ 559ರಲ್ಲಾಗಲಿ ಇನ್ನೊಂದು 3 ಇಲ್ಲ. 561ರಿಂದ ಭಾಗಿಸಿದರೆ ಶೇಷ 187. ಎಲ್ಲಾ ಆಧಾರಗಳಿಗೂ ಟೋಪಿ ಹಾಕಿದ ಸಂಖ್ಯೆ ಇಲ್ಲಿ ಮೂರನೇ ಗುಣಕಕ್ಕೇ ಸಿಕ್ಕಿಹಾಕಿಕೊಂಡಿತು.

ತೊಂದರೆ ಅಂದರೆ n 300 ಅಂಕಿಯದಾದರೆ ಗುಣಕಗಳ ಎಣಿಕೆಯೂ n ನಷ್ಟೇ ದೊಡ್ಡದು, ಎಲ್ಲ ಬರೆಯಲು ಆಗುವುದಿಲ್ಲ. ಬಹುಪದವನ್ನು xʳ − 1 ಇಂದ ಭಾಗಿಸಿ ಶೇಷ ಮಾತ್ರ ಇಟ್ಟುಕೊಂಡರೂ, ಸಣ್ಣ r ಒಂದನ್ನು ಸರಿಯಾಗಿ ಆರಿಸಿ, x + 1ರ ಜೊತೆ x + 2, x + 3 ಹೀಗೆ ಕೆಲವನ್ನೂ ಪರೀಕ್ಷಿಸಿದರೆ ಸಾಕು ಅಂತ ತೋರಿಸಿದ್ದೇ ಆ ಮೂವರ ಕೈಚಳಕ. ಇಷ್ಟಾದರೂ ಅದು ಮಿಲರ್-ರಾಬಿನ್‌ಗಿಂತ ಬಹಳ ನಿಧಾನ. ಹಾಗಾಗಿ ಕೀಲಿ ತಯಾರಿಸುವ ಪ್ರೋಗ್ರಾಮುಗಳು ಈಗಲೂ ಲಾಟರಿ ಎತ್ತುತ್ತಲೇ ಇವೆ.